ನನ್ನ ಸಾವಿನ ಮೇಲೂ ಬಡ್ಡಿ

ನಾನಿನ್ನೂ ಸತ್ತಿಲ್ಲ. ಆದರೂ ನನ್ನ ಸಾವಿನ ಖರ್ಚನ್ನು ನನಗೇ ಸಾಲವಾಗಿ ಕೊಟ್ಟು, ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ಬಡ್ಡಿ ತಿನ್ನುವವರು ನಮ್ಮೂರಿಗೆ ಬಂದಿದ್ದಾರೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು, ಬಾಯಲ್ಲಿ ‘ಅಣ್ಣಾವ್ರ, ಅಣ್ಣಾವ್ರ’. ನಮ್ಮಜ್ಜನ ಕಾಲದ ಸಾಹುಕಾರನಿಗೆ ಮೀಸೆ ಇತ್ತು, ಬಂಕದ ಕಟ್ಟೆ ಇತ್ತು, ಬೈಯಲಿಕ್ಕೆ ಒಂದು ಹೆಸರಿತ್ತು. ಇವರಿಗೆ ಬರೀ ಟಾರ್ಗೆಟ್ ಇದೆ.

ನಾನು ಭೂಸನೂರಿನವನು. ಆಳಂದ ತಾಲೂಕು, ಕಲಬುರಗಿ ಜಿಲ್ಲೆ. ನಮ್ಮೂರಿಗೆ ಸಕ್ಕರೆ ಕಾರ್ಖಾನೆ ಇದೆ. ಹಂಗಾಮಿನಲ್ಲಿ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿರುತ್ತವೆ, ನಾವು ಬಿಲ್ಲಿನ ದಾರಿ ಕಾಯುತ್ತ ಮನೆ ತುಂಬ ನಿಂತಿರುತ್ತೇವೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಬಂತೆಂದು ಭಾಷಣ ಮಾಡಿದರು. ತೊಗರಿಗೆ ಮಾನ್ಯತೆ ಬಂತು, ಬೆಳೆದವನಿಗೆ ನೆಟೆ ರೋಗ ಬಂತು. ರಾಶಿಗೂ ರಾಶಿಗೂ ನಡುವಿನ ಆ ಖಾಲಿ ತಿಂಗಳುಗಳಿವೆಯಲ್ಲ, ಅವೇ ಈ ಟ್ಯಾಬಿನವರ ಸುಗ್ಗಿ. ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಭೀಮೆಯ ದಂಡೆ ಹಿಡಿದು ಜೇವರ್ಗಿಯ ಕಡೆಗೆ ಮುಂಜಾನೆ ಹೋಗಿ ನೋಡಿ. ಬಸ್ಸಿಗಿಂತ ಮೊದಲು ಕಿಸ್ತು ವಸೂಲಿಯ ಬೈಕು ಊರು ಮುಟ್ಟಿರುತ್ತದೆ.

2024ರ ದೀಪಾವಳಿ ಕಳೆದ ಮೇಲೆ ನನಗೆ 3 ಲಕ್ಷ ಬೇಕಾಯಿತು. ಹೊಲಕ್ಕೆ ಬೋರು, ಮನೆಗೆ ಸ್ಲ್ಯಾಬು. ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲ ಇದೆ, ನಿಜ. ಅದು ಬೆಳೆಗೆ, ಸ್ಲ್ಯಾಬಿಗಲ್ಲ. ಬೆಳೆಗೂ ಯಾರ್‍ಯಾರಿಗೆ ಸಿಗುತ್ತದೆ ಅಂತ ಕೇಳಿದರೆ ಊರೊಳಗೆ ಜಗಳ ಆಗುತ್ತದೆ, ಬಿಡಿ. ಹಾಗಾಗಿ ಒಂದು ಫೈನಾನ್ಸಿಗೆ ಹೋದೆ. ಅದರ ಹೆಸರು ಇಲ್ಲಿ ಬೇಕಿಲ್ಲ. ಈ ಆಟ ಆಡುವವರು ಒಬ್ಬರಲ್ಲ. ಗೋಡೆಯ ಮೇಲೆ ಬಸವಣ್ಣನ ಫೋಟೋ, ಕೆಳಗೆ ಗಾಜಿನ ಮೇಜು, ಮೇಜಿನಾಚೆ ನನ್ನ ಮಗನ ವಯಸ್ಸಿನ ಹುಡುಗ.

‘ಎಷ್ಟು ಬೇಕ್ರಿ ಅಣ್ಣಾವ್ರ?’

‘ಮೂರು ಲಕ್ಷ.’

ಒಂದು ವಾರ ಬಿಟ್ಟು ಫೋನ್ ಬಂತು. ‘ಮೂರು ಲಕ್ಷ ಹದಿನೆಂಟು ಸಾವಿರ ಮಂಜೂರಾಗ್ಯಾದ್ರಿ. ಐದು ವರ್ಷ, ಹದಿನೆಂಟು ಪರ್ಸೆಂಟ್.’

ನನ್ನ ಹೆಂಡತಿ ಖುಷಿಪಟ್ಟಳು. ‘ಕೇಳಿದ್ದಕ್ಕಿಂತ ಹೆಚ್ಚ ಕೊಟ್ಟಾರಲ್ರಿ, ಚಲೋ ಮಂದಿ’ ಅಂದಳು.

ಚಲೋ ಮಂದಿ.

ಖಾತೆಗೆ ಬಿದ್ದದ್ದು 2,92,495 ರೂಪಾಯಿ.

ಕೇಳಲು ಹೋದೆ. ಪ್ರೊಸೆಸಿಂಗ್ ಫೀ ನೂರಕ್ಕೆ ಎರಡು, ಅದರ ಮೇಲೆ ಜಿಎಸ್‌ಟಿ, ಒಟ್ಟು 7,505 ಅಂದರು. ಸರಿ, ಉಳಿದ 18,000? ‘ಅದು ಇನ್ಶೂರೆನ್ಸ್ ಅದ ಅಣ್ಣಾವ್ರ. ನಿಮಗೇನರ ಆದ್ರ ನಿಮ್ಮ ಮನಿಯವ್ರಿಗೆ ಸಾಲದ ಭಾರ ಬೀಳಂಗಿಲ್ಲ. ನಿಮ್ಮ ಕಿಸೆದಾಗಿಂದ ಒಂದು ರೂಪಾಯಿನೂ ತಗೊಂಡಿಲ್ಲ, ಲೋನದಾಗೇ ಸೇರಿಸೀವಿ.’

ಆ ಕೊನೆಯ ಮಾತನ್ನು ಹುಡುಗ ಉಪಕಾರದ ದನಿಯಲ್ಲಿ ಹೇಳಿದ. ಅವನಿಗೆ ಹಾಗೆ ಹೇಳಲು ಕಲಿಸಿದ್ದಾರೆ. ಇಡೀ ಮೋಸದ ಬೇರು ಇರುವುದೇ ಆ ಮಾತಿನಲ್ಲಿ. ಸಿಟ್ಟಿನಿಂದ ನನ್ನ ಕೈ ನಡುಗಿದರೂ ಲೆಕ್ಕವನ್ನು ನಿಧಾನವಾಗಿಯೇ ಬಿಡಿಸುತ್ತೇನೆ, ನೀವೂ ನಿಧಾನವಾಗಿ ಓದಿ.

ಇದಕ್ಕೆ ಸಿಂಗಲ್ ಪ್ರೀಮಿಯಂ ಸಾಲ ವಿಮೆ ಅನ್ನುತ್ತಾರೆ. ಐದು ವರ್ಷದ ವಿಮೆಯ ಹಣವನ್ನು ವರ್ಷ ವರ್ಷ ಕಟ್ಟಿಸಿಕೊಳ್ಳುವ ಬದಲು ಮೊದಲ ದಿನವೇ ಇಡಿಯಾಗಿ ಮುರಿದುಕೊಳ್ಳುವುದು. ಮುರಿಯಲು ನಮ್ಮ ಕೈಯಲ್ಲಿ ಹಣವಿಲ್ಲವಲ್ಲ, ಅದಕ್ಕೆ ಅವರೇ ಸಾಲ ಕೊಡುತ್ತಾರೆ. ಆ ಸಾಲದ ಹಣ ನಮ್ಮ ಮನೆಯ ಹೊಸ್ತಿಲನ್ನೂ ತುಳಿಯದೆ ಫೈನಾನ್ಸಿನಿಂದ ವಿಮಾ ಕಂಪನಿಗೆ ಹೋಗುತ್ತದೆ, ಅದರ ಒಂದು ಪಾಲು ಕಮಿಷನ್ ಆಗಿ ಹೊರಳಿ ಬರುತ್ತದೆ. ಪಾಲಿಸಿ ಇರುವುದೇ ಫೈನಾನ್ಸಿನ ಹೆಸರಿನಲ್ಲಿ. ಮಾಸ್ಟರ್ ಪಾಲಿಸಿಯ ಮಾಲಕರು ಅವರು. ನಾನು ಅದರೊಳಗೆ ಒಬ್ಬ ‘ಸದಸ್ಯ’, ನನ್ನ ಪಾಲಿಗೆ ಒಂದು ಪ್ರಮಾಣಪತ್ರ. ಅದೂ ಕೇಳಿದರೆ ಮಾತ್ರ.

ಅಡತಿ ಅಂಗಡಿಯವನು ತೊಗರಿಯ ತೂಕದಲ್ಲಿ ಕ್ವಿಂಟಲಿಗೆ ಕಿಲೋ ಎರಡು ಕಿಲೋ ಮುರಿಯುತ್ತಾನೆ. ಅವನು ಕಳ್ಳ, ನಮಗೆಲ್ಲ ಗೊತ್ತು. ಆದರೆ ಮುರಿದ ತೊಗರಿಯನ್ನು ನನಗೇ ಸಾಲವಾಗಿ ಬರೆದು ಐದು ವರ್ಷ ಬಡ್ಡಿ ಕೇಳುವ ಧೈರ್ಯ ನಮ್ಮ ಭಾಗದ ಯಾವ ಅಡತಿಗೂ ಇವತ್ತಿನವರೆಗೆ ಬಂದಿಲ್ಲ.

ನಾನು ಕೇಳಿದ್ದ 3,00,000ಕ್ಕೆ ನೂರಕ್ಕೆ 18ರಂತೆ 60 ತಿಂಗಳಿಗೆ ಕಿಸ್ತು ಬೀಳಬೇಕಾದದ್ದು 7,618 ರೂಪಾಯಿ. 3,18,000ಕ್ಕೆ ಬಿದ್ದದ್ದು 8,075. ತಿಂಗಳಿಗೆ 457 ಹೆಚ್ಚು. ‘ಚಹಾದ ಖರ್ಚು ಅಣ್ಣಾವ್ರ’ ಅಂತ ಹುಡುಗ ನಕ್ಕ. ಅರವತ್ತು ತಿಂಗಳ ಚಹಾದ ಲೆಕ್ಕ ಹಾಕಿದರೆ 27,400ರ ಮೇಲೆ ಹೋಯಿತು. 18,000ದ ವಿಮೆಗೆ ನಾನು ಕೊಡುವುದು 27,400. ನಡುವಿನ 9,400 ಯಾವ ವಿಮೆಯೂ ಅಲ್ಲ, ಪ್ರೀಮಿಯಂ ಹಣದ ಮೇಲಿನ ಬಡ್ಡಿ. ಆ ಹಣದಿಂದ ನಾನು ಬೋರು ಹಾಕಿಸಲಿಲ್ಲ, ಒಂದು ಇಟ್ಟಿಗೆ ಇಡಲಿಲ್ಲ, ಕಣ್ಣಿಂದಲೂ ನೋಡಲಿಲ್ಲ.

ಇಷ್ಟಕ್ಕೇ ನಿಲ್ಲುವುದಿಲ್ಲ. ಪ್ರೊಸೆಸಿಂಗ್ ಫೀಯನ್ನು ಲೆಕ್ಕ ಹಾಕಿದ್ದು 3,00,000ದ ಮೇಲಲ್ಲ, 3,18,000ದ ಮೇಲೆ. ಅಂದರೆ ಪ್ರೀಮಿಯಂ ಹಣವನ್ನು ‘ಪ್ರೊಸೆಸ್’ ಮಾಡಿದ್ದಕ್ಕೂ ನಾನು ಫೀ ಕೊಟ್ಟೆ. ವಿಮೆಯ ಮೊತ್ತವೂ 3,18,000. ಅಂದರೆ ನನ್ನ ಸಾವಿಗೆ ಕಟ್ಟಿದ ಪ್ರೀಮಿಯಂ ಮುಳುಗದಿರಲಿ ಅಂತ ಆ ಪ್ರೀಮಿಯಂ ಹಣಕ್ಕೂ ನನ್ನಿಂದಲೇ ವಿಮೆ ಮಾಡಿಸಿದ್ದಾರೆ. ಪ್ರೀಮಿಯಂನೊಳಗೆ ನೂರಕ್ಕೆ 18ರ ಜಿಎಸ್‌ಟಿ ಬೇರೆ ಕೂತಿತ್ತು. ಸರಕಾರಕ್ಕೆ ಕೊಟ್ಟ ತೆರಿಗೆಗೂ ಸಾಲ, ಆ ಸಾಲಕ್ಕೂ ಬಡ್ಡಿ. 2025ರ ಸೆಪ್ಟೆಂಬರ್ 22ರಿಂದ ಜೀವ ವಿಮೆಯ ಮೇಲಿನ ಜಿಎಸ್‌ಟಿ ಹೋಯಿತೆಂದು ಪೇಪರಿನ ತುಂಬ ಬಂತು. ಓದಿ ನೋಡಿದೆ. ಹೋದದ್ದು ವೈಯಕ್ತಿಕ ಪಾಲಿಸಿಗಳ ಮೇಲೆ. ಸಾಲಗಾರರನ್ನು ಹಿಂಡುಗಟ್ಟಿ ತುಂಬುವ ಗುಂಪು ಪಾಲಿಸಿಗೆ ಆ ಭಾಗ್ಯವಿಲ್ಲ. ಕಾರಿನಲ್ಲಿ ಬಂದು ಪಾಲಿಸಿ ಕೊಳ್ಳುವವನಿಗೆ ತೆರಿಗೆ ಇಲ್ಲ. ಚಪ್ಪಲಿ ಸವೆಸಿ ಸಾಲ ಕೇಳುವವನಿಗೆ ಇದೆ.

ಈಗ ಬಡ್ಡಿ ದರಕ್ಕೆ ಬನ್ನಿ. ‘ಹದಿನೆಂಟು ಪರ್ಸೆಂಟ್’ ಅಂದರಲ್ಲ. ಅದು ಯಾವುದರ ಮೇಲೆ ಹದಿನೆಂಟು? ನನ್ನ ಕೈಗೆ ಬರದ ಹಣವನ್ನೂ ಸೇರಿಸಿದ ಮೊತ್ತದ ಮೇಲೆ. ನನ್ನ ಕೈಗೆ ಬಂದದ್ದು 2,92,495. ನಾನು ಕಟ್ಟುವುದು ತಿಂಗಳಿಗೆ 8,075, ಅರವತ್ತು ಸಲ. ಇವೆರಡನ್ನು ಎದುರುಬದುರು ಕೂಡಿಸಿ ದರ ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ. ಕಲಬುರಗಿಯಲ್ಲಿ ಕಾಲೇಜು ಓದುವ ನನ್ನ ಅಣ್ಣನ ಮಗ ಮೊಬೈಲಿನ ಶೀಟಿನಲ್ಲಿ ಒಂದೇ ಸಾಲು ಬರೆದು ತೋರಿಸಿದ:

```
=RATE(60,-8075,292495)*12
```

ಮೊದಲು ಕಿಸ್ತುಗಳ ಸಂಖ್ಯೆ, ಆಮೇಲೆ ಕಿಸ್ತಿನ ಮೊತ್ತ, ಕೊನೆಗೆ ಕೈಗೆ ನಿಜವಾಗಿ ಬಿದ್ದ ಹಣ. ನಿಮ್ಮ ಅಂಕಿಗಳನ್ನು ಹಾಕಿ ನೋಡಿ, ಮೊಬೈಲು ಸುಳ್ಳು ಹೇಳುವುದಿಲ್ಲ. ನನ್ನದಕ್ಕೆ ಉತ್ತರ ಬಂದದ್ದು ಹೆಚ್ಚುಕಡಿಮೆ 0.22, ಅಂದರೆ ನೂರಕ್ಕೆ 22.

‘ಕಾಕಾ, ಇದು ಇಪ್ಪತ್ತೆರಡು ಪರ್ಸೆಂಟಿನ ಸಾಲ’ ಅಂದ ಹುಡುಗ.

ಇದನ್ನು ಮುಚ್ಚಿಡಬಾರದು ಅಂತಲೇ ನಿಯಮವಿದೆ. 2024ರ ಏಪ್ರಿಲ್ 15ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲ, ಸಣ್ಣ ಉದ್ದಿಮೆಯ ಸಾಲ ಕೊಡುವ ಪ್ರತಿಯೊಬ್ಬರೂ ಸಹಿಗೆ ಮೊದಲು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅನ್ನುವ ಮುಖ್ಯಾಂಶಗಳ ಹಾಳೆ ಕೊಡಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು, ತಿಳಿಸಿ ಹೇಳಬೇಕು. ಏಳು ದಿನ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಬಿಡಬೇಕು. ಹಾಳೆಯಲ್ಲಿ ‘ಎಪಿಆರ್’ ಅನ್ನುವ ಒಂದು ಅಂಕಿ ಇರಬೇಕು: ಬಡ್ಡಿಯ ಜೊತೆ ಎಲ್ಲ ಖರ್ಚೂ ಸೇರಿದ ನಿಜವಾದ ವಾರ್ಷಿಕ ದರ. ಬೇರೆಯವರ ಪರವಾಗಿ ವಸೂಲು ಮಾಡುವ ವಿಮೆಯ ಹಣವೂ ಅದರೊಳಗೆ ಸೇರಲೇಬೇಕು ಅಂತ ಸುತ್ತೋಲೆಯಲ್ಲಿ ಬಿಡಿಸಿ ಬರೆದಿದೆ. ಹಾಳೆಯಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಮುಂದೆ ಯಾವತ್ತೂ ಹಾಕುವಂತಿಲ್ಲ.

ಇಷ್ಟು ಚೆಂದದ ನಿಯಮ ಓದಿದರೆ ಕಣ್ಣಲ್ಲಿ ನೀರು ಬರುತ್ತದೆ.

ನನಗೂ ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿ. ಕೊಟ್ಟದ್ದು ಸಹಿ ಆದ ಮೇಲೆ, ಉಳಿದ ಕಾಗದದ ಕಟ್ಟಿನ ನಡುವೆ. ಮೂರು ದಿನ ಯೋಚಿಸುವ ಮಾತು ಎತ್ತಿದರೆ ‘ಸರ್ವರ್ ಡೌನ್ ಆದ್ರ ಮತ್ತ ವಾರ ಹೋಗ್ತದ್ರಿ’ ಅನ್ನುವ ಊರಿನಲ್ಲಿ ನಿಯಮ ಯಾರಿಗೆ ಬೇಕು? ಹಾಳೆಯಲ್ಲಿ ಎಪಿಆರ್ ಎಷ್ಟಿತ್ತು ಗೊತ್ತೇ? 19.12. ಇದು ಎಲ್ಲಿಂದ ಬಂತೆಂದು ಅಣ್ಣನ ಮಗನ ಜೊತೆ ಕೂತು ಹಿಂದಿನಿಂದ ಬಿಡಿಸಿದೆವು. ಪ್ರೊಸೆಸಿಂಗ್ ಫೀಯನ್ನು ಲೆಕ್ಕಕ್ಕೆ ಹಿಡಿದು, ವಿಮೆಯ 18,000ವನ್ನು ನನ್ನ ಕೈಗೇ ಕೊಟ್ಟಂತೆ ತೋರಿಸಿದರೆ ಸರಿಯಾಗಿ ಆ ಅಂಕಿ ಬೀಳುತ್ತದೆ. ಅಂದರೆ ಹಾಳೆಯ ಪ್ರಕಾರ ನಾನು 18,000 ರೂಪಾಯಿ ಕೈಯಲ್ಲಿ ತೆಗೆದುಕೊಂಡು, ಸ್ವಂತ ಖುಷಿಯಿಂದ ಅಂಗಡಿಗೆ ಹೋಗಿ ವಿಮೆ ಕೊಂಡಿದ್ದೇನೆ. ಸಂತೆಯಲ್ಲಿ ಬದನೆಕಾಯಿ ಕೊಂಡಷ್ಟೇ ಖುಷಿಯಿಂದ.

19.12ಕ್ಕೂ 22ಕ್ಕೂ ನಡುವಿನ ಸಂದಿಯಲ್ಲಿ ನನ್ನ ಹೊಲದ ಒಂದು ಸಾಲು ತೊಗರಿ ಪ್ರತಿ ವರ್ಷ ಹೋಗುತ್ತದೆ.

ಆ ಖುಷಿಗೆ ಅವರ ಹತ್ತಿರ ಪುರಾವೆಯೂ ಇದೆ. ಅರ್ಜಿಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಒಂದು ವಾಕ್ಯ: ವಿಮೆ ಸಂಪೂರ್ಣ ಐಚ್ಛಿಕ, ಸಾಲಕ್ಕೂ ಇದಕ್ಕೂ ಸಂಬಂಧವಿಲ್ಲ. ಬ್ಯಾಂಕುಗಳು ವಿಮೆ ಮಾರುವಾಗ ಅದು ಗ್ರಾಹಕನ ಇಷ್ಟಕ್ಕೆ ಬಿಟ್ಟದ್ದು, ಬೇರೆ ಸೌಲಭ್ಯಕ್ಕೆ ಗಂಟು ಹಾಕಿಲ್ಲ ಅಂತ ಸ್ಪಷ್ಟವಾಗಿ ಹೇಳಬೇಕೆಂದು ರಿಸರ್ವ್ ಬ್ಯಾಂಕು ಬಹಳ ಹಿಂದೆಯೇ ಹೇಳಿದೆ. ಹೇಳಿದ್ದನ್ನು ಇವರು ಅಚ್ಚು ಹಾಕಿಸಿದ್ದಾರೆ, ಅಷ್ಟೇ. ಅದರ ಪಕ್ಕದ ಚೌಕದಲ್ಲಿ ಗುರುತು ಮೊದಲೇ ಬಿದ್ದಿತ್ತು. ‘ನನ್ನ ಆರೋಗ್ಯ ಉತ್ತಮವಾಗಿದೆ, ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಇಲ್ಲ’ ಎಂಬ ಘೋಷಣೆಗೂ ಬಿದ್ದಿತ್ತು. ನನಗೆ ಬಿಪಿ ಇದೆ. ಯಾರೂ ಕೇಳಲಿಲ್ಲ. ‘ಫೋನ್ ಕೊಡ್ರಿ ಅಣ್ಣಾವ್ರ, ಓಟಿಪಿ ಬಂದದ’ ಅಂತ ನನ್ನ ಕೈಯಿಂದ ಫೋನು ತಗೊಂಡರು, ಒತ್ತಿದರು, ವಾಪಸ್ ಕೊಟ್ಟರು. ನನ್ನ ‘ಸ್ಪಷ್ಟ ಒಪ್ಪಿಗೆ’ ಆದದ್ದು ಹಾಗೆ.

ನನ್ನ ಹತ್ತಿರ ಜೀವ ವಿಮಾ ನಿಗಮದ ಹಳೇ ಬಾಂಡ್ ಇತ್ತು. ವಿಷಯ ತಿಳಿದ ಮೇಲೆ, ಆ ವಿಮೆ ತೆಗೆದು ಸಾಲದ ಭದ್ರತೆಗೆ ಇದನ್ನೇ ನಿಮ್ಮ ಹೆಸರಿಗೆ ಅಸೈನ್ ಮಾಡಿಕೊಳ್ಳಿ ಅಂದೆ. ‘ನಮ್ಮ ಸಿಸ್ಟಮ್‌ದಾಗ ಅದು ಬರಂಗಿಲ್ರಿ.’ ಬೇರೆ ಕಡೆ ಕಡಿಮೆಗೆ ಮಾಡಿಸಿ ತರಲೇ? ‘ಅದೂ ನಡಿಯಂಗಿಲ್ರಿ.’ ಮೊದಲೇ ವಿಮೆ ಬೇಡ ಅಂದಿದ್ದರೆ? ‘ಫೈಲ್ ಮ್ಯಾಲಿಂದ ರಿಜೆಕ್ಟ್ ಆಗ್ತಿತ್ರಿ.’ ಬಸವಣ್ಣ ಗೋಡೆಯ ಮೇಲೆ ಸುಮ್ಮನೆ ನೋಡುತ್ತಿದ್ದ. ಪಾಪ, ಅವನೂ ಒಂದು ಕಾಲಕ್ಕೆ ಬಿಜ್ಜಳನ ಖಜಾನೆಯ ಲೆಕ್ಕ ನೋಡಿದವನು.

ನಾನು ವಿಮೆಯ ವೈರಿ ಅಂದುಕೊಂಡರೆ ಅದು ನಿಮ್ಮ ತಪ್ಪು. ದುಡಿಯುವವನು ಹೋದರೆ ಮನೆಯ ಪತ್ರ ಫೈನಾನ್ಸಿನ ಕಪಾಟಿನಲ್ಲೇ ಉಳಿಯುತ್ತದೆ ಅನ್ನುವುದು ನನಗೂ ಗೊತ್ತು. ನನ್ನ ಪ್ರಶ್ನೆ ಬೆಲೆಯದು, ಬೆಲೆಯನ್ನು ಬಚ್ಚಿಡುವ ರೀತಿಯದು. ಪ್ರಧಾನಮಂತ್ರಿ ಜೀವನ್ ಜ್ಯೋತಿ ಅಂತ ಒಂದು ಯೋಜನೆ 2015ರಿಂದ ಇದೆ. 2022ರ ಜೂನ್‌ನಿಂದ ಅದರ ಪ್ರೀಮಿಯಂ ವರ್ಷಕ್ಕೆ 436 ರೂಪಾಯಿ, ಸತ್ತರೆ 2 ಲಕ್ಷ. ಐವತ್ತು ವರ್ಷದೊಳಗೆ ಸೇರಬೇಕು, ಐವತ್ತೈದರವರೆಗೆ ಮುಂದುವರಿಸಬಹುದು, ಒಬ್ಬರಿಗೆ ಒಂದೇ. ಐದು ವರ್ಷಕ್ಕೆ 2,180 ರೂಪಾಯಿ. ಸಾಲವಿಲ್ಲ, ಬಡ್ಡಿಯಿಲ್ಲ, ಬೇಡವಾದರೆ ಮುಂದಿನ ವರ್ಷ ನಿಲ್ಲಿಸಿದರಾಯಿತು. ನನ್ನ ಪಾಲಿಸಿಯ ಮೊತ್ತ ಅದರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಬೆಲೆ ಎಂಟು ಪಟ್ಟಿಗಿಂತ ಹೆಚ್ಚು, ಬಡ್ಡಿ ಸೇರಿದರೆ ಹನ್ನೆರಡೂವರೆ ಪಟ್ಟು. ಯಾಕಿಷ್ಟು ಅಂತ ಪ್ರಮಾಣಪತ್ರ ತರಿಸಿ ನೋಡಿದರೆ ಒಳಗೆ ಜೀವ ವಿಮೆಯ ಜೊತೆ ಆಸ್ಪತ್ರೆ ಭತ್ಯೆಯ ಇನ್ನೊಂದು ಪಾಲಿಸಿ ಗುಪ್ತವಾಗಿ ಮಲಗಿತ್ತು. ಆಸ್ಪತ್ರೆಗೆ ಸೇರಿದರೆ ದಿನಕ್ಕಿಷ್ಟು ಅಂತ. ಅದು ಇದೆ ಅನ್ನುವುದೇ ಗೊತ್ತಿಲ್ಲದವನು ಕ್ಲೇಮ್ ಯಾವಾಗ ಮಾಡಬೇಕು?

ಇದರೊಳಗೆ ಇನ್ನೊಂದು ಸೂಕ್ಷ್ಮ ಇದೆ. ವಿಮೆಯ ಮೊತ್ತ ಎರಡು ತರಹ. ಒಂದು ಕೊನೆಯವರೆಗೂ ಅಷ್ಟೇ ಇರುವುದು. ಇನ್ನೊಂದು ಸಾಲ ಕರಗಿದಂತೆ ತಾನೂ ಕರಗುವುದು. ಎರಡನೆಯದರಲ್ಲಿ ಕರಗುವುದು ಮೊದಲ ದಿನ ಅಚ್ಚಾದ ಪಟ್ಟಿಯ ಪ್ರಕಾರ. ನೀವು ನಾಲ್ಕು ಕಿಸ್ತು ಬಾಕಿ ಉಳಿಸಿಕೊಂಡಿದ್ದರೆ ಸಾಲ ಮೇಲೇ ನಿಂತಿರುತ್ತದೆ, ವಿಮೆ ಕೆಳಗೆ ಇಳಿದಿರುತ್ತದೆ. ಆ ಸಂದಿ ಹೆಂಡತಿಯ ತಲೆಗೆ. ಮೊದಲನೆಯ ತರಹದಲ್ಲಿ ಸಂದಿ ತಿರುವುಮುರುವಾಗಿರುತ್ತದೆ: ಸಾಲ ಕಡಿಮೆ, ವಿಮೆ ಹೆಚ್ಚು. ಆಗ ಸಾಲ ಕೊಟ್ಟವರಿಗೆ ಸಲ್ಲುವುದು ಬಾಕಿಯಷ್ಟೇ, ಉಳಿದದ್ದು ನಾಮಿನಿಯ ಹಣ. ನಮ್ಮ ಓಣಿಯ ಒಬ್ಬ ಅಕ್ಕ ಗಂಡನನ್ನು ಕಳೆದುಕೊಂಡಾಗ ‘ಸಾಲ ಮನ್ನಾ ಆಗ್ಯಾದ, ಹೋಗ್ರಿ’ ಅಂತ ಕಳಿಸಿದ್ದರು. ಮನ್ನಾ ಅಂತೆ! ಸತ್ತವನು ಬಡ್ಡಿ ಸಮೇತ ಕೊಂಡ ಹಣವದು. ಪ್ರಮಾಣಪತ್ರ ತಾ, ಸಾಲದ ಖಾತೆಯ ವಿವರ ತಾ ಅಂತ ನಾವು ನಾಲ್ಕು ಜನ ಹೋಗಿ ಕೂತ ಮೇಲೆ ಉಳಿದ ಹಣ ಆಕೆಯ ಖಾತೆಗೆ ಬಂತು. ಉಪಕಾರ ಮರೆತವರನ್ನು ನೋಡುವಂತೆ ಅಲ್ಲಿನ ಮ್ಯಾನೇಜರ್ ನಮ್ಮನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

ಮೈಕ್ರೋಫೈನಾನ್ಸಿನ ಹೆಣ್ಣುಮಕ್ಕಳ ಗುಂಪುಗಳಲ್ಲಿ ಇದೇ ಆಟದ ಸಣ್ಣ ಪಾಕೀಟು. ಅಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ವಿಮೆ ಮುರಿಯುವುದುಂಟು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಸಾಲವಲ್ಲದ ಯಾವುದೇ ಸರಕನ್ನು ಪೂರ್ಣ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ, ಅದರ ಬೆಲೆ ಸಾಲದ ಕಾರ್ಡಿನಲ್ಲೇ ಕಾಣಬೇಕು. ವಸೂಲಿಯ ಕಿರುಕುಳಕ್ಕೆ ಜೀವಗಳು ಹೋದ ಮೇಲೆ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಬಾಗಿಲಿಗೆ ಬಂದು ಬೈಯುವವನಿಗೆ ಅದು ಜೈಲು ತೋರಿಸಿತು. ಒಳ್ಳೆಯದೇ. ಆದರೆ ಬೈಯದೆ, ನಗುನಗುತ್ತ, ಪ್ರಿಂಟು ಹಾಕಿ ಕೀಳುವವನ ಕೂದಲೂ ಕೊಂಕಲಿಲ್ಲ.

ದಿಲ್ಲಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 2024ರ ನವೆಂಬರ್‌ನಲ್ಲಿ, ಹೆಚ್ಚುಕಡಿಮೆ ನಾನು ಸಹಿ ಹಾಕಿದ ದಿನಗಳಲ್ಲೇ, ಕರ್ನಾಟಕದಿಂದ ರಾಜ್ಯಸಭೆಗೆ ಹೋದ ನಮ್ಮ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮುಂಬೈಯಲ್ಲಿ ಬ್ಯಾಂಕಿನವರ ಸಭೆಯಲ್ಲೇ ನಿಂತು, ಗ್ರಾಹಕರಿಗೆ ವಿಮೆ ತಪ್ಪಾಗಿ ಮಾರುವುದರಿಂದ ಸಾಲದ ವೆಚ್ಚ ಒಳಗಿಂದೊಳಗೆ ಏರುತ್ತದೆ ಅಂದರು. ನಾನು ಇಷ್ಟು ಹೊತ್ತು ಅತ್ತುಕೊಂಡು ಹೇಳಿದ್ದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿದರು. ಸಭಿಕರು ಕೇಳಿದರು. ಆಮೇಲೆ ಊಟಕ್ಕೆ ಎದ್ದಿರಬೇಕು.

ನಮ್ಮನ್ನು ಆಳಿ ಹೋದ ಬ್ರಿಟನ್ನಿನಲ್ಲೂ ಇದೇ ರೋಗವಿತ್ತು. ಪಿಪಿಐ ಅಂತ ಹೆಸರು. ಸಾಲದ ಜೊತೆಗೇ ವಿಮೆ ತುರುಕಿ, ಇಡೀ ಪ್ರೀಮಿಯಂ ಮೊದಲೇ ಸಾಲಕ್ಕೆ ಸೇರಿಸಿ ಬಡ್ಡಿ ತಿನ್ನುತ್ತಿದ್ದರು. ಅಡಮಾನವಿಲ್ಲದ ವೈಯಕ್ತಿಕ ಸಾಲಗಳ ಜೊತೆ ಸಿಂಗಲ್ ಪ್ರೀಮಿಯಂ ಮಾರುವುದನ್ನು ನಿಲ್ಲಿಸಿ ಅಂತ ಅಲ್ಲಿನ ನಿಯಂತ್ರಕರು 2009ರಲ್ಲಿ ಹೇಳಿದರು. ಮುಂದೆ ಜನ ಬೆನ್ನು ಬಿಡದೆ ದೂರು ಕೊಟ್ಟರು. 2019ರ ಹೊತ್ತಿಗೆ ಬ್ಯಾಂಕುಗಳು ಎಲ್ಲ ಬಗೆಯ ಪಿಪಿಐಗೂ ಸೇರಿ ವಾಪಸ್ ಕೊಟ್ಟ ಹಣ ಸುಮಾರು 3,800 ಕೋಟಿ ಪೌಂಡ್. ರೂಪಾಯಿಯಲ್ಲಿ ಬರೆಯಲು ನನಗೆ ಧೈರ್ಯ ಸಾಲದು. ಅಲ್ಲಿ ಕಳ್ಳತನ ಅನ್ನಿಸಿಕೊಂಡದ್ದು ಇಲ್ಲಿ ‘ಕ್ರಾಸ್ ಸೆಲ್ಲಿಂಗ್’. ಅದನ್ನು ಹೆಚ್ಚು ಮಾಡಿದವನಿಗೆ ಬ್ರಾಂಚಿನಲ್ಲಿ ಕೇಕ್ ಕತ್ತರಿಸುತ್ತಾರೆ.

ನಾನು ದೂರು ಕೊಟ್ಟಿದ್ದೇನೆ. ಮೊದಲು ಬರಹದಲ್ಲಿ ಫೈನಾನ್ಸಿಗೆ: ಪ್ರೀಮಿಯಂ ರಸೀದಿ, ಪ್ರಮಾಣಪತ್ರ, ಎಪಿಆರ್ ಲೆಕ್ಕ ಕೊಡಿ ಅಂತ. ಮೂವತ್ತು ದಿನ ಕಾದೆ. ‘ತಾವು ಸ್ವಇಚ್ಛೆಯಿಂದ ಒಪ್ಪಿದ್ದೀರಿ’ ಅಂತ ಒಂದು ಸಾಲಿನ ಉತ್ತರ ಬಂತು, ಮತ್ತೆ ಇಂಗ್ಲಿಷಿನಲ್ಲಿ. ಆಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, cms.rbi.org.in ಎಂಬ ತಾಣದಲ್ಲಿ. 14448 ಅಂತ ಒಂದು ಫೋನ್ ನಂಬರೂ ಇದೆ. ಪ್ರಮಾಣಪತ್ರದಲ್ಲಿ ‘ಫ್ರೀ ಲುಕ್’ ಅವಧಿ ಬರೆದಿದ್ದರೆ ಅಷ್ಟು ದಿನದೊಳಗೆ ಪಾಲಿಸಿ ಬೇಡ ಅಂತ ವಾಪಸ್ ಮಾಡಬಹುದು, ಹಣ ತಿರುಗಿ ಬರುತ್ತದೆ. ಆ ಅವಧಿ ಶುರುವಾಗುವುದು ಪತ್ರ ಕೈಗೆ ಬಂದ ದಿನದಿಂದ. ಪತ್ರವನ್ನು ಯಾಕೆ ಕೈಗೆ ಕೊಡುವುದಿಲ್ಲ ಅನ್ನುವುದು ಈಗ ತಿಳಿಯಿತೇ?

ಇದೆಲ್ಲಕ್ಕಿಂತ ನಾಜೂಕಿನ ಕತ್ತಿ ಇನ್ನೊಂದಿದೆ. ಅದರ ಹೆಸರು ಟಾಪ್‌ಅಪ್.

ಎರಡು ವರ್ಷ ಕಿಸ್ತು ತಪ್ಪಿಸದೆ ಕಟ್ಟಿದವನಿಗೆ ಅವರು ಕೊಡುವ ಬಹುಮಾನವಿದು. ಇಪ್ಪತ್ನಾಲ್ಕು ಕಿಸ್ತಿನ ನಂತರ ನನ್ನ ಸಾಲದ ಬಾಕಿ ಸುಮಾರು 2,23,000 ಇರುತ್ತದೆ. ‘ನಾಲ್ಕು ಲಕ್ಷಕ್ಕೆ ಏರಿಸಿ ಕೊಡ್ತೀವಿ’ ಅನ್ನುತ್ತಾರೆ. ಹಳೇ ಸಾಲ ಹೊಸ ಸಾಲದಿಂದ ಚುಕ್ತಾ, ಉಳಿದ 1,77,000 ಕೈಗೆ. ಹೊಸ ವಿಮೆ ಯಾವುದರ ಮೇಲೆ? ಇಡೀ 4,00,000ದ ಮೇಲೆ. ಹಳೆಯ ದರದಲ್ಲೇ ಹಿಡಿದರೂ 24,000 ರೂಪಾಯಿ. ಅಂದರೆ 1,77,000 ಹೊಸ ಹಣಕ್ಕೆ 24,000ದ ವಿಮೆ. ನೂರಕ್ಕೆ ಹದಿಮೂರೂವರೆ ರೂಪಾಯಿ ಬಾಗಿಲಲ್ಲೇ ಹೋಯಿತು. ಆ 2,23,000ಕ್ಕೆ ಇನ್ನೂ ಮೂರು ವರ್ಷ ನಡೆಯಬೇಕಾದ ವಿಮೆಗೆ ನಾನು ಮೊದಲೇ ಹಣ ಕೊಟ್ಟಾಗಿದೆ. ಅದೇ ಸಾಲಕ್ಕೆ ಎರಡನೇ ಸಲ ವಿಮೆ.

ಇನ್ನೂ ಒಳಗೆ ಇಳಿಯಿರಿ. ಆ 2,23,000ದೊಳಗೆ ಮೊದಲ ಪ್ರೀಮಿಯಂನ ತೀರದ ಬಾಕಿಯೇ 12,600ರಷ್ಟಿರುತ್ತದೆ. ಎರಡು ವರ್ಷದಲ್ಲಿ ಪ್ರೀಮಿಯಂ ಪಾಲಿಗೆ ಸುಮಾರು 11,000 ಕಟ್ಟಿರುತ್ತೇನೆ, ಚುಕ್ತಾ ಮಾಡುವಾಗ 12,600 ಮತ್ತೆ. 23,600 ಕೊಟ್ಟು ನಾನು ಅನುಭವಿಸುವುದು ಎರಡೇ ವರ್ಷದ ವಿಮೆ. ಸಾಲ ಅವಧಿಗೆ ಮೊದಲೇ ತೀರಿದರೆ ಉಳಿದ ವರ್ಷಗಳ ಪ್ರೀಮಿಯಂನಲ್ಲಿ ಒಂದು ಪಾಲು ಸರೆಂಡರ್ ಮೌಲ್ಯವಾಗಿ ವಾಪಸ್ ಬರಬೇಕು, ಇಲ್ಲವೇ ವಿಮೆ ಅವಧಿ ಮುಗಿಯುವತನಕ ನನ್ನ ಹೆಸರಿನಲ್ಲಿ ಮುಂದುವರಿಯಬೇಕು. ಎಷ್ಟು ಬರುತ್ತದೆ ಅನ್ನುವ ಸೂತ್ರ ಪ್ರಮಾಣಪತ್ರದ ಹಿಂದಿನ ಪುಟದಲ್ಲಿರುತ್ತದೆ. ಅದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಅರ್ಜಿ ಹಾಕಬೇಕೆಂದು ಯಾರೂ ಹೇಳುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಟಾಪ್‌ಅಪ್ ಮೇಲೆ ಟಾಪ್‌ಅಪ್ ಹತ್ತಿಸಿಕೊಂಡು ಕೂತವರ ಮನೆಗಳಲ್ಲಿ ಇಂಥ ಎಷ್ಟು ಹಳೇ ಪಾಲಿಸಿಗಳು ಯಾರೂ ಕೇಳದೆ ಬಿದ್ದಿವೆಯೋ.

ಮೊನ್ನೆ ನನಗೂ ಫೋನ್ ಬಂತು. ಹೆಣ್ಣುಮಗಳ ದನಿ, ಬೆಂಗಳೂರಿನ ಕನ್ನಡ.

‘ಸರ್, ನಿಮ್ಮ ರೀಪೇಮೆಂಟ್ ತುಂಬಾ ಚೆನ್ನಾಗಿದೆ. ನಿಮಗೆ ಟಾಪ್‌ಅಪ್ ಆಫರ್ ಇದೆ.’

‘ಚಲೋ ಆಯ್ತವ್ವ. ಇನ್ಶೂರೆನ್ಸ್ ಇಲ್ಲದ ಕೊಡ್ತೀರೇನು?’

‘ಅದು ನಿಮ್ಮ ಫ್ಯಾಮಿಲಿ ಸೇಫ್ಟಿಗೆ ಸರ್.’

‘ಹಳೇ ಪಾಲಿಸಿಯ ಉಳಿದ ಪ್ರೀಮಿಯಂ ಎಷ್ಟು ವಾಪಸ್ ಬರ್ತದ?’

‘ಸರ್, ಅದು ಬೇರೆ ಡಿಪಾರ್ಟ್‌ಮೆಂಟ್.’

‘ಹೊಸಾ ಸಾಲದ ಎಪಿಆರ್ ಎಷ್ಟು? ವಿಮೆ ಸೇರಿಸಿ ಹೇಳವ್ವ.’

ಕಾಗದ ಸರಿದ ಸದ್ದು. ಆಚೆಯಿಂದ ಇನ್ನೊಬ್ಬರನ್ನು ಕೇಳಿದ ಸದ್ದು. ಆಮೇಲೆ ಲೈನ್ ಕಟ್.

ನಂಬರು ನನ್ನ ಫೋನಿನಲ್ಲಿ ಉಳಿದಿದೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೂ ಯಾವುದೋ ಫೈನಾನ್ಸಿನ ಕಿಸ್ತು ಇರಬಹುದು. ಆದರೆ ನಾಳೆ ನಾನೇ ಫೋನ್ ಮಾಡುತ್ತೇನೆ. ಅವಳಿಗೆ ಗೊತ್ತಿಲ್ಲದಿದ್ದರೆ ಅವಳ ಮೇಲಿನವರನ್ನು ಕೊಡಲಿ, ಅವರಿಗೂ ಗೊತ್ತಿಲ್ಲದಿದ್ದರೆ ಅವರ ಮೇಲಿನವರನ್ನು. ಎಪಿಆರ್ ಎಷ್ಟು, ಬರಹದಲ್ಲಿ, ಕನ್ನಡದಲ್ಲಿ.